ಕುದುರೆಮುಖ ಗಣಿ ಪ್ರಕರಣ: ದಸ್ತಾವೇಜುಗಳಿಂದ ಕಾಲಾನುಕ್ರಮ ಮತ್ತು ವಿವಾದಾಂಶಗಳ ನಿರೂಪಣೆ

ಹಿರಿಯ ನ್ಯಾಯವಾದಿಗಳ ಮುಂದಿಡಲು ಸಿದ್ಧಪಡಿಸುವ ದಿನಾಂಕಗಳ ಪಟ್ಟಿಯು ದಸ್ತಾವೇಜುಗಳ ಕಟ್ಟಿನ ಸಾರಾಂಶವಲ್ಲ. ಪ್ರತಿಯೊಂದು ಘಟನೆಗೆ ಕಾನೂನು ಯಾವ ದಿನದಿಂದ ಬೆಲೆ ಕೊಡುತ್ತದೆ ಎಂಬುದನ್ನು ಅದು ತೋರಿಸಬೇಕು. ಕಳಸದ ಸಮೀಪದ, ಆಗ ಮೂಡಿಗೆರೆ ತಾಲ್ಲೂಕಿಗೆ ಸೇರಿದ್ದ ಕುದುರೆಮುಖದ ಕಬ್ಬಿಣದ ಅದಿರಿನ ಗಣಿಯ ಪ್ರಕರಣವು ಇದಕ್ಕೆ ಉತ್ತಮ ನಿದರ್ಶನ.

ಮೊದಲು ಕಟ್ಟಿನ ಎಲ್ಲ ಪುಟಗಳಿಗೂ ಒಂದೇ ಅನುಕ್ರಮದ ಸಂಖ್ಯೆ ಹಾಕಲಾಗುತ್ತದೆ. ಬಳಿಕ ದಿನಾಂಕ, ಘಟನೆ ಮತ್ತು ಆಧಾರದ ಪುಟ ಎಂಬ ಮೂರು ಅಂಕಣಗಳಲ್ಲಿ ವಿವರಗಳನ್ನು ತುಂಬಲಾಗುತ್ತದೆ. ಪತ್ರದ ದಿನಾಂಕವನ್ನೇ ಘಟನೆಯ ದಿನಾಂಕವೆಂದು ಬರೆಯುವುದು ಇಲ್ಲಿ ಸಾಮಾನ್ಯವಾಗಿ ನುಸುಳುವ ದೋಷ. ಭದ್ರಾ ನದಿಯ ಹೂಳನ್ನು ಕುರಿತ ವರದಿಯೊಂದು ಬೇಸಿಗೆಯಲ್ಲಿ ಸಲ್ಲಿಕೆಯಾಗಿದ್ದರೂ ಅದರ ಅಳತೆಗಳು ಹಿಂದಿನ ಮಳೆಗಾಲದವಾಗಿರಬಹುದು. ಎರಡನ್ನೂ ಬೇರೆಬೇರೆಯಾಗಿ ನಮೂದಿಸಬೇಕು.

ಪ್ರಕರಣದ ಮುಖ್ಯ ದಿನಾಂಕಗಳು ಕೆಲವೇ. 1969ರಲ್ಲಿ ಮೂವತ್ತು ವರ್ಷಗಳ ಗಣಿ ಗುತ್ತಿಗೆ ಆರಂಭವಾಯಿತು. ಕುದುರೆಮುಖ ಕಬ್ಬಿಣದ ಅದಿರು ಕಂಪನಿ 1976ರಲ್ಲಿ ಸ್ಥಾಪಿತವಾಯಿತು. ಅರಣ್ಯ ಸಂರಕ್ಷಣಾ ಕಾಯ್ದೆ 1980ರಲ್ಲಿ ಜಾರಿಗೆ ಬಂದಿತು. ರಾಷ್ಟ್ರೀಯ ಉದ್ಯಾನದ ಪ್ರಾರಂಭಿಕ ಅಧಿಸೂಚನೆ 1987ರಲ್ಲಿ ಹೊರಟಿತು. 1999ರ ಜುಲೈನಲ್ಲಿ ಗುತ್ತಿಗೆಯ ಅವಧಿ ಮುಗಿಯಿತು. ಉದ್ಯಾನದ ಅಂತಿಮ ಅಧಿಸೂಚನೆ ಬಂದದ್ದು 2001ರಲ್ಲಿ.

ಪಟ್ಟಿಯಲ್ಲಿ “1987: ಉದ್ಯಾನ ಘೋಷಣೆ” ಎಂದಷ್ಟೇ ಬರೆದರೆ ಪ್ರಕರಣದ ಒಂದು ಮುಖ್ಯ ಪ್ರಶ್ನೆ ಮರೆಯಾಗುತ್ತದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 35ನೆಯ ಪ್ರಕರಣವು ಉದ್ದೇಶದ ಪ್ರಕಟಣೆಯನ್ನೂ ಅಂತಿಮ ಘೋಷಣೆಯನ್ನೂ ಎರಡು ಹಂತಗಳಾಗಿ ಪರಿಗಣಿಸುತ್ತದೆ. ಗುತ್ತಿಗೆ ಮುಗಿದದ್ದು ಈ ಎರಡು ಹಂತಗಳ ನಡುವೆ. ಆದುದರಿಂದ ಎರಡು ಅಧಿಸೂಚನೆಗಳಿಗೂ ಪ್ರತ್ಯೇಕ ಸಾಲು, ಪ್ರತ್ಯೇಕ ಪುಟಸಂಖ್ಯೆ ಅಗತ್ಯ.

ವಿವಾದಾಂಶಗಳು ಈ ಸಾಲುಗಳಿಂದಲೇ ಮೂಡುತ್ತವೆ. ಒಂದನೆಯದಾಗಿ, ಗುತ್ತಿಗೆಯ ಪ್ರದೇಶದ ಮೇಲೆ ಉದ್ಯಾನದ ನಿರ್ಬಂಧ ಯಾವ ದಿನದಿಂದ ಅನ್ವಯಿಸುತ್ತದೆ? ಎರಡನೆಯದಾಗಿ, 1980ಕ್ಕೆ ಮುಂಚೆ ಕೊಟ್ಟ ಗುತ್ತಿಗೆಯ ನವೀಕರಣಕ್ಕೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕೇ? ಅಂಬಿಕಾ ಕ್ವಾರಿ ವರ್ಕ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1986ರಲ್ಲಿಯೇ ಬೇಕೆಂದು ಹೇಳಿತ್ತು. ಮೂರನೆಯದಾಗಿ, ಹೂಳಿನ ಹೆಚ್ಚಳಕ್ಕೆ ಗಣಿಯೇ ಕಾರಣವೇ? ಮೊದಲೆರಡು ಕಾನೂನಿನ ಪ್ರಶ್ನೆಗಳು, ಮೂರನೆಯದು ಸಂಗತಿಯ ಪ್ರಶ್ನೆ. ಇವನ್ನು ಒಂದೇ ವಾಕ್ಯದಲ್ಲಿ ಬೆರೆಸಿದರೆ, ದಾಖಲೆಯ ಓದಿನಿಂದಲೇ ತೀರ್ಮಾನವಾಗಬಲ್ಲ ವಿಷಯವು ತಜ್ಞರ ಭಿನ್ನಾಭಿಪ್ರಾಯದಲ್ಲಿ ಸಿಲುಕುತ್ತದೆ.

ಕೆ. ಎಂ. ಚಿಣ್ಣಪ್ಪನವರ ಹೆಸರಿನಲ್ಲಿ ವರದಿಯಾಗಿರುವ ಈ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2002ರ ಅಕ್ಟೋಬರ್ 30ರಂದು ತೀರ್ಪಿತ್ತು, 2005ರ ಅಂತ್ಯದವರೆಗೆ ಮಾತ್ರ ಗಣಿಗಾರಿಕೆಗೆ ಅವಕಾಶವಿತ್ತಿತು. 2005ರ ಡಿಸೆಂಬರ್ ಅಂತ್ಯಕ್ಕೆ ಗಣಿಗಾರಿಕೆ ನಿಂತಿತು.