ಪುಸ್ತಕದಲ್ಲಿರುವ ನಿಧಿ, ಬ್ಯಾಂಕಿನಲ್ಲಿರುವ ಹಣ

ಅಪಾರ್ಟ್‌ಮೆಂಟ್ ಸಂಘದ ವಾರ್ಷಿಕ ಲೆಕ್ಕಪತ್ರ ಕೈಗೆ ಬಂದರೆ ಹೆಚ್ಚಿನವರು ನೋಡುವುದು ಸೆಕ್ಯೂರಿಟಿ, ಡೀಸೆಲ್, ಟ್ಯಾಂಕರ್ ಖರ್ಚನ್ನು. ನಾನು ಮೊದಲು ತೆರೆಯುವುದು ಆಸ್ತಿ-ಹೊಣೆ ಪಟ್ಟಿ.

ಬೆಂಗಳೂರಿನ 48 ಫ್ಲ್ಯಾಟ್‌ಗಳ ಕಟ್ಟಡವೊಂದನ್ನು ಊಹಿಸಿಕೊಳ್ಳಿ. ಹೊಣೆಯ ಕಡೆ ‘ಸಿಂಕಿಂಗ್ ಫಂಡ್ 24 ಲಕ್ಷ’ ಎಂದಿದೆ. ಆಸ್ತಿಯ ಕಡೆ ಠೇವಣಿ 18 ಲಕ್ಷ ಮಾತ್ರ. ಉಳಿದ 6 ಲಕ್ಷ ಎಲ್ಲಿ? ಬಹುತೇಕ ಸಲ ಕಳ್ಳತನವೇನೂ ಆಗಿರುವುದಿಲ್ಲ. ಕೆಲವರು ಮೇಂಟೆನೆನ್ಸ್ ಬಾಕಿ ಇಟ್ಟಿರುತ್ತಾರೆ, ಬೇಸಿಗೆಯ ಟ್ಯಾಂಕರ್ ಬಿಲ್ಲು ಈ ನಿಧಿಯಿಂದ ಹೋಗಿರುತ್ತದೆ. ಹಾಗಾಗಿ ಮಾರ್ಚ್ 31ರ ಬ್ಯಾಂಕ್ ಪ್ರಮಾಣಪತ್ರವನ್ನೂ ಬಾಕಿದಾರರ ಪಟ್ಟಿಯನ್ನೂ ಕೇಳಿ. ಲೆಕ್ಕ ಹಾಕಬೇಕಾದ್ದು 18 ಲಕ್ಷದಿಂದಲೇ.

ಇದು ಸಾಕೇ? ಎರಡು ಲಿಫ್ಟ್‌ಗಳನ್ನು 8 ವರ್ಷದ ನಂತರ ಬದಲಿಸಬೇಕು, ಇಂದಿನ ಕೊಟೇಶನ್ 30 ಲಕ್ಷ ಎಂದುಕೊಳ್ಳೋಣ. ಬೆಲೆ ವರ್ಷಕ್ಕೆ ಶೇ 6 ಏರಿದರೆ ಆಗ ಸುಮಾರು 48 ಲಕ್ಷ ಬೇಕು. ತೆರಿಗೆ ಕಳೆದು ಶೇ 5 ಬಡ್ಡಿ ಸಿಕ್ಕರೆ 18 ಲಕ್ಷ ಬೆಳೆಯುವುದು ಸುಮಾರು 26.6 ಲಕ್ಷಕ್ಕೆ. ಉಳಿದ ಸುಮಾರು 21.4 ಲಕ್ಷ ತುಂಬಲು ವರ್ಷಕ್ಕೆ ಸುಮಾರು 2.25 ಲಕ್ಷ ಕಟ್ಟಬೇಕು. ಅಂದರೆ ಫ್ಲ್ಯಾಟ್‌ಗೆ ತಿಂಗಳಿಗೆ ಹತ್ತಿರ ಹತ್ತಿರ 390 ರೂಪಾಯಿ. ಚದರಡಿ ಲೆಕ್ಕದಲ್ಲಿ ಹಂಚಿದರೆ ದೊಡ್ಡ ಫ್ಲ್ಯಾಟ್‌ಗೆ ಹೆಚ್ಚು.

ಇದು ಲಿಫ್ಟ್‌ನದಷ್ಟೇ. ಹೊರಗೋಡೆಯ ಬಣ್ಣ, ತಾರಸಿಯ ವಾಟರ್‌ಪ್ರೂಫಿಂಗ್, ಜನರೇಟರ್‌ಗೂ ಇದೇ ಲೆಕ್ಕ ಬೇರೆ ಬೇರೆಯಾಗಿ ಹಾಕಿ, ಮೊತ್ತ ಕೂಡಿಸಬೇಕು.