ಸೀರೆ ನಿಜ, ಉಟ್ಟವಳು ಎಐ

‘ಮಾಡೆಲ್ ಚಿತ್ರವನ್ನು ಎಐ ಬಳಸಿ ತಿದ್ದಲಾಗಿದೆ. ಬಣ್ಣದಲ್ಲಿ ತುಸು ವ್ಯತ್ಯಾಸ ಇರಬಹುದು.’ ಆನ್‌ಲೈನ್‌ನಲ್ಲಿ ಸೀರೆ ಮಾರುವವರು ಕ್ಯಾಟಲಾಗ್‌ನ ಅಡಿಯಲ್ಲಿ ಈಗ ಇಂಥದ್ದೊಂದು ಸೂಚನೆ ಹಾಕುತ್ತಾರೆ. ಇದರಲ್ಲಿರುವುದು ಎರಡು ಬೇರೆ ಬೇರೆ ಸಂಗತಿ. ಬಣ್ಣದ ವ್ಯತ್ಯಾಸ ಹಳೆಯದು, ಎಐ ತಿದ್ದುಪಡಿ ಹೊಸದು.

ದಾಳಿಂಬೆ ಕೆಂಪಿನ ಸೆರಗಿರುವ ಇಳಕಲ್ ಸೀರೆಯೊಂದನ್ನು ತೆಗೆದುಕೊಳ್ಳಿ. ಮಾರಾಟಗಾರರು ಅದನ್ನು ಹಾಸಿ, ಮೊಬೈಲಿನಲ್ಲಿ ಫೋಟೊ ತೆಗೆಯುತ್ತಾರೆ. ಅಂಗಡಿಯ ದೀಪ ಹಳದಿಯಾಗಿದ್ದರೆ ಕೆಂಪು ಕಿತ್ತಳೆಯತ್ತ ವಾಲುತ್ತದೆ. ಬೆಳಕನ್ನು ಸರಿದೂಗಿಸಲು ಕ್ಯಾಮೆರಾ ತಾನೇ ಮಾಡುವ ಅಂದಾಜೂ ತಪ್ಪಬಹುದು. ಬಣ್ಣ ಕಣ್ಣಿಗೆ ಹೊಡೆಯುವಂತೆ ಸೆಟ್ಟಿಂಗ್ ಇಟ್ಟುಕೊಂಡ ನಿಮ್ಮ ಮೊಬೈಲ್ ಪರದೆ ಅದನ್ನು ಇನ್ನಷ್ಟು ಗಾಢವಾಗಿಸುತ್ತದೆ. ಎಐ ಇಲ್ಲದಿದ್ದಾಗಲೂ ಇದೆಲ್ಲ ಇತ್ತು.

ಎಐ ಬರುವುದು ಆಮೇಲೆ. ಅದು ಫೋಟೊದಲ್ಲಿನ ಸೀರೆಯನ್ನು ಕತ್ತರಿಸಿ ಮಾಡೆಲ್‌ಗೆ ಅಂಟಿಸುವುದಿಲ್ಲ. ನೆರಿಗೆ, ಮಡಿಕೆ, ನೆರಳುಗಳ ಸಮೇತ ಹೊಸದಾಗಿ ಚಿತ್ರಿಸುತ್ತದೆ. ಫೋಟೊದಲ್ಲಿ ಕಾಣದ ಭಾಗವನ್ನು, ತಾನು ಕಲಿತ ಅಸಂಖ್ಯ ಚಿತ್ರಗಳ ಆಧಾರದ ಮೇಲೆ ಊಹಿಸಿ ತುಂಬುತ್ತದೆ. ಒಂದೇ ಬಣ್ಣದ ಒಡಲಿನಲ್ಲಿ ಊಹೆ ತಪ್ಪಿದರೂ ಗೊತ್ತಾಗದು. ಸಿಕ್ಕಿಬೀಳುವುದು ಸಣ್ಣ ವಿನ್ಯಾಸಗಳಲ್ಲಿ. ಇಳಕಲ್‌ನ ಟೋಪ್ ತೆನಿ ಸೆರಗಿನಲ್ಲಿ ಕೆಂಪು ಪಟ್ಟಿಗಳ ನಡುವೆ ಬಿಳಿಯ ಗೋಪುರದಂಥ ತೆನೆಗಳು ಸಾಲಾಗಿ ಬರುತ್ತವೆ. ಎಐ ಚಿತ್ರದಲ್ಲಿ ಆ ತೆನೆಗಳು ಹೂವಾಗಬಹುದು, ಸಾಲು ನಡುವೆಯೇ ಕರಗಬಹುದು. ಅಂಚಿನ ಚಿಕ್ಕಿ ಒಂದು ಬದಿಯಲ್ಲಿ ಒಂದು ಬಗೆ, ಇನ್ನೊಂದು ಬದಿಯಲ್ಲಿ ಮತ್ತೊಂದು ಬಗೆ ಕಾಣಬಹುದು.

ಹಾಗಾಗಿ ಮಾಡೆಲ್ ಚಿತ್ರದಿಂದ ಉಟ್ಟಾಗ ಹೇಗೆ ಕಂಡೀತು ಎಂಬ ಅಂದಾಜಷ್ಟೇ ಸಿಗುತ್ತದೆ. ಕೊಳ್ಳುವ ಮುನ್ನ ಎಐ ಮುಟ್ಟದ ಫೋಟೊ ಕೇಳಿ: ಕಿಟಕಿಯ ಬಳಿ, ಹಗಲು ಬೆಳಕಿನಲ್ಲಿ, ಸೀರೆಯ ಪಕ್ಕ ಒಂದು ಬಿಳಿ ಹಾಳೆ ಇಟ್ಟು ತೆಗೆದದ್ದು. ಹಾಳೆ ಹಳದಿಯಾಗಿಯೋ ನೀಲಿಯಾಗಿಯೋ ಕಂಡರೆ ಸೀರೆಯ ಬಣ್ಣವೂ ಅತ್ತಲೇ ವಾಲಿದೆ ಎಂದು ತಿಳಿಯಿರಿ. ಸೆರಗು, ಅಂಚುಗಳನ್ನು ಹತ್ತಿರದಿಂದ ತೆಗೆದ ಫೋಟೊವನ್ನೂ ಕೇಳಿ, ಮಾಡೆಲ್ ಚಿತ್ರದೊಂದಿಗೆ ಹೋಲಿಸಿ.

‘ತುಸು ವ್ಯತ್ಯಾಸ’ ಎಂಬ ಮಾತಿಗೂ ಮಿತಿಯಿದೆ. ದಾಳಿಂಬೆ ಕೆಂಪು ಒಂದಿಷ್ಟು ಗಾಢವಾಗಿ ಬಂದರೆ ಸೂಚನೆ ಅದನ್ನು ಹೇಳಿಯೇ ಇತ್ತು. ಟೋಪ್ ತೆನಿ ಎಂದು ತೋರಿಸಿ ಬೇರೆ ಸೆರಗು ಕಳಿಸಿದರೆ ಅದು ಬಣ್ಣದ ಮಾತಲ್ಲ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣ ಇಲ್ಲದ ಸರಕನ್ನು ಹಿಂಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ. ಆರ್ಡರ್ ಮಾಡಿದ ದಿನದ ಚಿತ್ರದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಪಾರ್ಸೆಲ್ ಬಿಚ್ಚುವಾಗ ವಿಡಿಯೊ ಮಾಡಿ. ಮಾತುಕತೆಯಲ್ಲಿ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.