ರಾತ್ರಿ ಉಂಡಿದ್ದು ಕರಗಿದ ಮೇಲೆ ಸಕ್ಕರೆ ಎಲ್ಲಿಂದ ಬರುತ್ತದೆ?

ಆರೋಗ್ಯವಂತರ ಇಡೀ ರಕ್ತದಲ್ಲಿ ಒಂದು ಹೊತ್ತಿಗೆ ಇರುವ ಗ್ಲೂಕೋಸ್ ಸುಮಾರು 5 ಗ್ರಾಂ, ಅಂದರೆ ಒಂದು ಟೀ ಚಮಚದಷ್ಟು. ಮಿದುಳೊಂದಕ್ಕೇ ದಿನಕ್ಕೆ ಹೆಚ್ಚುಕಡಿಮೆ 120 ಗ್ರಾಂ ಬೇಕು. ಹೊರಗಿನಿಂದ ತುಂಬಿಸುತ್ತಿರದಿದ್ದರೆ ಆ ಒಂದು ಚಮಚ ಒಂದು ಗಂಟೆಗೂ ಸಾಲದು. ಆದರೂ ರಾತ್ರಿ ಎಂಟೂವರೆಗೆ ಮುದ್ದೆ, ಸೊಪ್ಪಿನ ಸಾರು ಉಂಡವರು ಬೆಳಗಿನ ಆರೂವರೆಗೆ ಸಲೀಸಾಗಿ ಏಳುತ್ತಾರೆ. ಆಗ ರಕ್ತ ಪರೀಕ್ಷಿಸಿದರೆ ಡೆಸಿಲೀಟರಿಗೆ 85ರಿಂದ 95 ಮಿಲಿಗ್ರಾಂ ಇರುತ್ತದೆ.

ಊಟವಾದ ಒಂದು ಗಂಟೆಯ ಸುಮಾರಿಗೆ ಸಕ್ಕರೆ 130ರ ಆಸುಪಾಸಿಗೆ ಏರಿತೆನ್ನಿ. ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ಇನ್ಸುಲಿನ್ ಬಿಡುತ್ತವೆ. ಅದು ಮೊದಲು ತಲುಪುವುದು ಪಿತ್ತಜನಕಾಂಗವನ್ನು, ಅಂದರೆ ಲಿವರನ್ನು. ಲಿವರ್ ನಮ್ಮ ಕಣಜ. ಇನ್ಸುಲಿನ್ ಬಂದಾಗ ಅದು ಗ್ಲೂಕೋಸನ್ನು ಗ್ಲೈಕೋಜನ್ ಆಗಿ ಕೂಡಿಡುತ್ತದೆ. ತುಂಬಿದಾಗ ಸುಮಾರು 100 ಗ್ರಾಂ ಹಿಡಿದೀತು. ಮಾಂಸಖಂಡಗಳಲ್ಲಿ ಇದಕ್ಕಿಂತ ಹೆಚ್ಚು ದಾಸ್ತಾನು ಇದ್ದರೂ ಅವು ಅದನ್ನು ಸಕ್ಕರೆಯಾಗಿ ರಕ್ತಕ್ಕೆ ಬಿಡಲಾರವು, ತಮಗೇ ಬಳಸಿಕೊಳ್ಳುತ್ತವೆ.

ನಡುರಾತ್ರಿ ಕಳೆಯುವ ಹೊತ್ತಿಗೆ ಊಟದ ಸಕ್ಕರೆ ಮುಗಿಯುತ್ತದೆ. ಮಟ್ಟ ಇಳಿಯುತ್ತಿದ್ದಂತೆ ಬೀಟಾ ಕೋಶಗಳು ಇನ್ಸುಲಿನ್ ತಗ್ಗಿಸುತ್ತವೆ, ಪೂರ್ತಿ ನಿಲ್ಲಿಸುವುದಿಲ್ಲ. ಅವುಗಳ ಪಕ್ಕದಲ್ಲೇ ಇರುವ ಆಲ್ಫಾ ಕೋಶಗಳನ್ನು ಅದುವರೆಗೆ ಅದುಮಿ ಹಿಡಿದಿದ್ದದ್ದೂ ಈ ಇನ್ಸುಲಿನ್ನೇ. ಹಿಡಿತ ಸಡಿಲವಾದಾಗ ಅವು ಗ್ಲುಕಗಾನ್ ಬಿಡುತ್ತವೆ. ಗ್ಲುಕಗಾನ್ ಬಂತೆಂದರೆ ಲಿವರ್ ಗ್ಲೈಕೋಜನನ್ನು ಒಡೆದು ಗಂಟೆಗೆ ಏಳೆಂಟು ಗ್ರಾಂನಂತೆ ರಕ್ತಕ್ಕೆ ಬಿಡುತ್ತದೆ. ಬೆಳಗಾಗುತ್ತ ದಾಸ್ತಾನು ಕರಗುವುದರಿಂದ, ಅಮೈನೋ ಆಮ್ಲ, ಲ್ಯಾಕ್ಟೇಟ್, ಗ್ಲಿಸರಾಲ್‌ಗಳಿಂದ ಹೊಸ ಗ್ಲೂಕೋಸ್ ತಯಾರಿಸುವ ಕೆಲಸವೂ ಜೋರಾಗುತ್ತದೆ. ಇತ್ತ ಇನ್ಸುಲಿನ್ ಕಡಿಮೆಯಾದದ್ದರಿಂದ ಮಾಂಸಖಂಡಗಳು ಕೊಬ್ಬನ್ನು ಉರಿಸತೊಡಗುತ್ತವೆ, ಸಕ್ಕರೆ ಮಿದುಳಿಗೆ ಉಳಿಯುತ್ತದೆ.

“ಮಲಗುವಾಗ 130 ಇತ್ತು, ಏನೂ ತಿನ್ನದೆ ಬೆಳಿಗ್ಗೆ 155 ಹೇಗಾಯ್ತು?” ಎಂದು ಸಕ್ಕರೆ ಕಾಯಿಲೆಯವರು ಕೇಳುವುದುಂಟು. ಎರಡನೇ ಬಗೆಯ ಮಧುಮೇಹದಲ್ಲಿ ಲಿವರ್ ಇನ್ಸುಲಿನ್ನಿನ ಮಾತು ಸರಿಯಾಗಿ ಕೇಳುವುದಿಲ್ಲ, ಗ್ಲುಕಗಾನ್ ಕೂಡ ತಗ್ಗಬೇಕಾದಷ್ಟು ತಗ್ಗುವುದಿಲ್ಲ. ಸಾಲದ್ದಕ್ಕೆ ನಸುಕಿನಲ್ಲಿ ಕಾರ್ಟಿಸಾಲ್‌ನಂಥ ಹಾರ್ಮೋನುಗಳೂ ಏರುತ್ತವೆ. ಅಂಥವರಲ್ಲಿ ಬೆಳಗಿನ ಹೆಚ್ಚಳ ಬಹುಪಾಲು ಲಿವರಿನದೇ. ರಾತ್ರಿಯ ಮುದ್ದೆಯನ್ನಷ್ಟೇ ದೂರಿ ಪ್ರಯೋಜನವಿಲ್ಲ.

ಇದಕ್ಕಿಂತ ಅಪಾಯದ್ದು ತದ್ವಿರುದ್ಧದ ಸ್ಥಿತಿ. ಚುಚ್ಚಿಕೊಂಡ ಇನ್ಸುಲಿನ್ ಸಕ್ಕರೆ ಇಳಿಯಿತೆಂದು ತಾನಾಗಿ ಕಡಿಮೆಯಾಗುವುದಿಲ್ಲ. ಅದರ ಮೇಲೆ ಊಟ ಬಿಟ್ಟು ಮದ್ಯ ಕುಡಿದರೆ ಹೊಸ ಗ್ಲೂಕೋಸ್ ತಯಾರಿಕೆಗೂ ತಡೆ ಬೀಳುತ್ತದೆ. ರಾತ್ರಿ ಬೆವರಿ ಒದ್ದೆಯಾಗುವುದು, ಕೆಟ್ಟ ಕನಸು, ಏಳುವಾಗ ತಲೆನೋವು ಇದರ ಸುಳಿವು. ಆಗ ಪರೀಕ್ಷಿಸಿ 70ಕ್ಕಿಂತ ಕಡಿಮೆ ಕಂಡರೆ, ಎಚ್ಚರವಿದ್ದು ನುಂಗಬಲ್ಲವರಿಗೆ ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಲ್ಲಿ ಕದಡಿ ಕೊಡಿ.

ಬೆಳಗಿನ ಅಂಕಿ ಪದೇಪದೇ ಏರುತ್ತಿದ್ದರೆ ಕೆಲವು ದಿನ ಮಲಗುವಾಗ, ರಾತ್ರಿ ಮೂರಕ್ಕೆ ಮತ್ತು ಎದ್ದ ಕೂಡಲೇ ಪರೀಕ್ಷಿಸಿ ಬರೆದಿಡಿ. ಆ ಚೀಟಿಯನ್ನು ವೈದ್ಯರಿಗೆ ತೋರಿಸುವ ಮುನ್ನ ಔಷಧದ ಪ್ರಮಾಣ ಬದಲಿಸಬೇಡಿ.